ಆನ್‌ಲೈನ್‌ನಲ್ಲಿ ಕನ್ನಡಕ ತರಿಸೋರಿಗೆ ಪಿ.ಡಿ. ತಲೆನೋವು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಬಿ.ಎಂ. ರಸ್ತೆಯ ಒಂದು ಕನ್ನಡಕದ ಅಂಗಡಿಯಲ್ಲಿ ಫ್ರೇಮಿಗೆ ಗ್ಲಾಸ್ ಕೂರಿಸುವ ಕೆಲಸ ನನ್ನದು. ಆನ್‌ಲೈನ್‌ನಲ್ಲಿ ತರಿಸಿದ ಕನ್ನಡಕ ಹಿಡಿದುಕೊಂಡು ನಮ್ಮ ಕೌಂಟರಿಗೆ ಬರುವವರು ಕಡಿಮೆ ಇಲ್ಲ. "ಪವರ್ ಸರಿ ಇದೆಯಾ ನೋಡಿ" ಅನ್ನುತ್ತಾರೆ. ಪವರ್ ಸಾಮಾನ್ಯವಾಗಿ ಸರಿಯಾಗೇ ಇರುತ್ತದೆ. ತಪ್ಪಿರುವುದು ಪಿ.ಡಿ. ಅಂಗಡಿಯಲ್ಲಿ, ಫೋನಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ ಜನ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇನೆ. ಇಲ್ಲಿರುವುದು ಹೆಚ್ಚಾಗಿ ದೂರ ನೋಡುವ ಮೈನಸ್ ಕನ್ನಡಕದ ವಿಚಾರ. ಆನ್‌ಲೈನ್‌ನಲ್ಲಿ ಕಾಲೇಜು ಹುಡುಗರು ತರಿಸುವುದು ಅದನ್ನೇ.

## ಮೊದಲ ಪ್ರಶ್ನೆಗಳು

ಪಿ.ಡಿ. ಅಂದ್ರೆ ಏನು? ಡಾಕ್ಟರ್ ಚೀಟೀಲಿ ಅದು ಬರೆದೇ ಇಲ್ವಲ್ಲ?

ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರವೇ ಪಿ.ಡಿ. ಬಲ ಪಾಪೆಯ ನಟ್ಟನಡುವಿನಿಂದ ಎಡ ಪಾಪೆಯ ನಟ್ಟನಡುವಿಗೆ ಎಷ್ಟು ಮಿಲಿಮೀಟರ್ ಅಂತ ಲೆಕ್ಕ. ದೊಡ್ಡವರಲ್ಲಿ ಇದು ಹೆಚ್ಚಾಗಿ 54ರಿಂದ 74ರ ಒಳಗೆ ಬರುತ್ತದೆ, ಸರಾಸರಿ 63ರ ಆಸುಪಾಸು.

ಡಾಕ್ಟರ್ ಚೀಟಿ ಬರೆಯುವುದು ಕಣ್ಣಿಗೆ ಎಷ್ಟು ಪವರ್ ಬೇಕು ಅಂತ. ಆ ಪವರಿನ ಗ್ಲಾಸನ್ನು ಫ್ರೇಮಿನಲ್ಲಿ ಎಲ್ಲಿ ಕೂರಿಸಬೇಕು ಅನ್ನುವುದು ಕನ್ನಡಕ ಮಾಡುವವರ ಕೆಲಸ. ಅದಕ್ಕೇ ಪಿ.ಡಿ.ಯನ್ನು ಅಂಗಡಿಯವರು ಅಳೆದು ತಮ್ಮ ಆರ್ಡರ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು, ನಿಮಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ಸೈಟಿನಲ್ಲಿ `PD` ಅನ್ನುವ ಖಾನೆ ಬಂದು ಎದುರಿಗೆ ನಿಂತಿದೆ. ಅಂಗಡಿಯವನು ಮಾಡುತ್ತಿದ್ದ ಕೆಲಸ ನಿಮ್ಮ ತಲೆಗೆ ಬಂದಿದೆ ಅಷ್ಟೆ.

ಮೂರ್ನಾಲ್ಕು ಮಿಲಿಮೀಟರ್ ಆಚೀಚೆ ಆದ್ರೆ ಏನಾಗುತ್ತೆ? ಕೂದಲೆಳೆ ವಿಷಯ ಅಲ್ವಾ?

ಪವರ್ ಇರುವ ಪ್ರತಿ ಗ್ಲಾಸಿಗೂ ಒಂದು ಕೇಂದ್ರ ಇರುತ್ತದೆ. ನಾವು ಆಪ್ಟಿಕಲ್ ಸೆಂಟರ್ ಅನ್ನುತ್ತೇವೆ. ಆ ಜಾಗದಲ್ಲಿ ಬೆಳಕು ಬಾಗದೆ ನೇರ ಒಳಗೆ ಬರುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದಷ್ಟೂ ಬೆಳಕು ಬಾಗುತ್ತದೆ, ಅಂದರೆ ಎದುರಿನ ವಸ್ತು ಇರುವ ಜಾಗ ಬಿಟ್ಟು ಸ್ವಲ್ಪ ಪಕ್ಕದಲ್ಲಿ ಕಾಣುತ್ತದೆ. ಗ್ಲಾಸಿನ ಕೇಂದ್ರ ನಿಮ್ಮ ಪಾಪೆಯ ಎದುರಿಗೇ ಬಂದರೆ ತೊಂದರೆ ಇಲ್ಲ. ಬರದಿದ್ದರೆ ಬಲಗಣ್ಣಿನ ಚಿತ್ರ ಒಂದು ಕಡೆಗೆ, ಎಡಗಣ್ಣಿನದು ಇನ್ನೊಂದು ಕಡೆಗೆ ಸರಿಯುತ್ತದೆ. ಎರಡನ್ನೂ ಕೂಡಿಸಿ ಒಂದೇ ಚಿತ್ರ ಮಾಡಲು ಕಣ್ಣಿನ ಸ್ನಾಯುಗಳು ದಿನವಿಡೀ ಎಳೆಯುತ್ತಾ ಇರಬೇಕು. ಸಂಜೆಯ ತಲೆನೋವು ಅಲ್ಲಿಂದ ಬರುತ್ತದೆ.

ಎಷ್ಟು ಸರಿಯುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಕೇಂದ್ರ ಎಷ್ಟು ತಪ್ಪಿದೆ ಅನ್ನುವುದನ್ನು ಸೆಂಟಿಮೀಟರಿನಲ್ಲಿ ತೆಗೆದುಕೊಂಡು ಪವರಿನಿಂದ ಗುಣಿಸಬೇಕು. ಬರುವ ಉತ್ತರಕ್ಕೆ ಪ್ರಿಸಂ ಅನ್ನುತ್ತಾರೆ. 1 ಪ್ರಿಸಂ ಅಂದರೆ 1 ಮೀಟರ್ ದೂರದಲ್ಲಿ ಚಿತ್ರ 1 ಸೆಂಟಿಮೀಟರ್ ಪಕ್ಕಕ್ಕೆ ಸರಿದ ಹಾಗೆ. ಹಾಗಾಗಿ ಕೂದಲೆಳೆಯೋ ಹಗ್ಗವೋ ಅನ್ನುವುದು ನಿಮ್ಮ ಪವರಿನ ಮೇಲೆ ನಿಂತಿದೆ. ಮುಂದಿನ ಉತ್ತರದಲ್ಲಿರುವ ಹುಡುಗಿಯ ಕಥೆ ನೋಡಿದರೆ ಇದು ಸರಿಯಾಗಿ ತಿಳಿಯುತ್ತದೆ.

ಸರಾಸರಿ 63 ಅಂತ ಹಾಕಿಬಿಟ್ರೆ ಆಗಲ್ವಾ? ಇಲ್ಲ ಅಂದ್ರೆ ಅಣ್ಣನ ನಂಬರೇ ಹಾಕ್ತೀನಿ.

ಬೇಲೂರಿನ ಕಡೆಯ ಒಬ್ಬ ಹುಡುಗಿ, ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು, ಇದನ್ನೇ ಮಾಡಿದ್ದಳು. ಎರಡೂ ಕಣ್ಣಿಗೆ −5.00 ಪವರ್. ಸಿಲಿಂಡರ್, ಅಂದರೆ ಒಂದು ದಿಕ್ಕಿಗೆ ಮಾತ್ರ ಬೇಕಾಗುವ ಹೆಚ್ಚಿನ ಪವರ್, ಇಲ್ಲ. ಹಾಸ್ಟೆಲಿನ ಗೆಳತಿಯ ಹಳೇ ಆರ್ಡರಿನಲ್ಲಿ 64 ಇತ್ತು, ಅದನ್ನೇ ಇವಳೂ ಹಾಕಿದ್ದಳು. ಕನ್ನಡಕ ಬಂದ ಮೂರನೇ ದಿನ ಅಪ್ಪನ ಜೊತೆ ಅಂಗಡಿಗೆ ಬಂದಳು. "ಸರ್, ಪುಸ್ತಕ ಓದೋವಾಗ ಏನೂ ಅನ್ನಿಸಲ್ಲ. ಕ್ಲಾಸಲ್ಲಿ ಬೋರ್ಡ್ ನೋಡಿದ್ರೆ ಹುಬ್ಬಿನ ಮೇಲೆ ಯಾರೋ ಹಿಡಿದು ಎಳೆದಂಗೆ ಆಗುತ್ತೆ" ಅಂದಳು. ಈ ಒಂದು ಮಾತಿಗೆ ನನಗೆ ಅರ್ಧ ಗೊತ್ತಾಗಿತ್ತು.

ಗ್ಲಾಸಿನ ಪವರ್ ನೋಡುವ ಯಂತ್ರ ಲೆನ್ಸೋಮೀಟರಿಗೆ ಕೊಟ್ಟು ನೋಡಿದರೆ ಪವರ್ ಎರಡೂ ಕಡೆ −5.00, ಒಂದಿಷ್ಟೂ ತಪ್ಪಿಲ್ಲ. ಎರಡು ಗ್ಲಾಸಿನ ಕೇಂದ್ರಗಳ ನಡುವೆ ಸರಿಯಾಗಿ 64. ಅವಳ ಪಿ.ಡಿ. ಅಳೆದರೆ 58. ಅಂದರೆ 6 ಮಿಲಿಮೀಟರ್ ತಪ್ಪು, ಒಂದೊಂದು ಕಣ್ಣಿಗೆ 3. ಸೆಂಟಿಮೀಟರಿನಲ್ಲಿ 0.3. ಅದನ್ನು 5ರಿಂದ ಗುಣಿಸಿದರೆ ಒಂದು ಕಣ್ಣಿಗೆ 1.5 ಪ್ರಿಸಂ, ಎರಡೂ ಸೇರಿ 3.

ಮೈನಸ್ ಗ್ಲಾಸ್ ನಡುವೆ ತೆಳು, ಅಂಚಿನಲ್ಲಿ ದಪ್ಪ. ಕೇಂದ್ರಗಳು ಅವಳ ಪಾಪೆಗಿಂತ ಹೊರಗಡೆ ಕೂತಿದ್ದರಿಂದ ಅವಳು ಮೂಗಿನ ಕಡೆಯ ದಪ್ಪ ಭಾಗದಿಂದ ನೋಡುತ್ತಿದ್ದಳು. ಆಗ ಎರಡು ಚಿತ್ರಗಳೂ ಹೊರಕ್ಕೆ ಸರಿಯುತ್ತವೆ. ಅವನ್ನು ಕೂಡಿಸಲು ಎರಡು ಕಣ್ಣೂ ಹೊರಕ್ಕೆ ತಿರುಗಬೇಕು. ನಮ್ಮ ಕಣ್ಣಿಗೆ ಒಳಕ್ಕೆ ತಿರುಗುವುದು ಸಲೀಸು, ಓದುವಾಗಲೆಲ್ಲ ಮಾಡುತ್ತೇವೆ. ನೇರಕ್ಕಿಂತಲೂ ಹೊರಕ್ಕೆ ತಿರುಗುವುದು ದೊಡ್ಡ ಕಷ್ಟ. ಪುಸ್ತಕಕ್ಕೆ ಬಂದಾಗ ಹೇಗೂ ಒಳಕ್ಕೆ ತಿರುಗಲೇಬೇಕಾದ್ದರಿಂದ ಆ ತಪ್ಪು ಪ್ರಿಸಂ ಅವಳಿಗೆ ಸಹಾಯವನ್ನೇ ಮಾಡುತ್ತಿತ್ತು. ಓದುವಾಗ ಆರಾಮ, ಬೋರ್ಡ್ ನೋಡುವಾಗ ನೋವು ಆಗಿದ್ದು ಇದಕ್ಕೇ.

ಆ 64 ಅವಳ ಗೆಳತಿಗೆ ಸರಿಯಾದ ನಂಬರೇ. ಒಂದೇ ಮನೆಯ ಅಣ್ಣ ತಂಗಿಯ ಪಿ.ಡಿ. ಕೂಡ ಒಂದೇ ಇರಬೇಕು ಅಂತೇನಿಲ್ಲ.

ನನ್ನದು ಬರೀ ಮೈನಸ್ ಒಂದು. ನಾನೂ ಇಷ್ಟೆಲ್ಲ ಮಾಡ್ಬೇಕಾ?

ಅದೇ 6 ಮಿಲಿಮೀಟರ್ ತಪ್ಪು −1.00 ಪವರಿಗೆ ಒಟ್ಟು 0.6 ಪ್ರಿಸಂ ಅಷ್ಟೆ. ಎಷ್ಟೋ ಜನಕ್ಕೆ ಗೊತ್ತೇ ಆಗುವುದಿಲ್ಲ. ಒಂದು ಸಲ ಅಳೆದು ಹಾಕಿ, ನಿದ್ದೆಗೆಡುವುದು ಬೇಡ.

ಎಷ್ಟು ತಪ್ಪಿದ್ರೆ ನಡೆಯುತ್ತೆ?

ಅಮೆರಿಕದ ಎಎನ್‌ಎಸ್‌ಐ ಮಾನದಂಡದಲ್ಲಿ ಸಾದಾ ಪವರ್ ಕನ್ನಡಕಕ್ಕೆ, ಪವರ್ 2.75ರ ತನಕ ಇದ್ದರೆ, ಅಡ್ಡ ದಿಕ್ಕಿನ ಪ್ರಿಸಂ ಎರಡೂ ಗ್ಲಾಸ್ ಸೇರಿ 0.67 ಮೀರಬಾರದು ಅಂತಿದೆ. ಅದಕ್ಕಿಂತ ಹೆಚ್ಚಿನ ಪವರ್ ಆದರೆ ಕೇಂದ್ರಗಳ ಅಂತರದಲ್ಲಿ 2.5 ಮಿಲಿಮೀಟರ್ ತನಕ ಬಿಡುತ್ತಾರೆ. ಆ 0.67ರ ಮಿತಿಯನ್ನೇ ಹೆಚ್ಚಿನ ಪವರಿಗೂ ಹಿಡಿದು ತಿರುಗಿಸಿ ಲೆಕ್ಕ ಹಾಕಿದರೆ −5.00 ಪವರಿಗೆ ಒಟ್ಟು 1.3 ಮಿಲಿಮೀಟರ್ ಸಿಗುತ್ತದೆ, −8.00ಕ್ಕೆ 0.8. ಆದರೆ ಮಾಡುವವರ ತಪ್ಪೂ ಅದರೊಳಗೇ ಅಡಗಬೇಕಲ್ಲ. ಹಾಗಾಗಿ ನೀವು ಮನೆಯಲ್ಲಿ ಅಳೆಯುವಾಗ 1 ಮಿಲಿಮೀಟರ್ ಒಳಗೆ ಹಿಡಿದರೆ −4, −5ರ ತನಕ ಧೈರ್ಯವಾಗಿ ಆರ್ಡರ್ ಮಾಡಬಹುದು. −6 ದಾಟಿದವರಿಗೆ ನನ್ನ ಸಲಹೆ, ಯಾವುದಾದರೂ ಅಂಗಡಿಯಲ್ಲಿ ಪಿ.ಡಿ. ಅಳೆಯುವ ಯಂತ್ರ ಪ್ಯುಪಿಲೋಮೀಟರ್ ಇಟ್ಟು ಅಳೆಸಿಕೊಳ್ಳಿ. ಕೇಳಿದರೆ ಕೆಲವರು ಮುಖ ಸಿಂಡರಿಸುತ್ತಾರೆ. ಸಣ್ಣದೊಂದು ಚಾರ್ಜ್ ಕೊಡುತ್ತೇನೆ ಅನ್ನಿ, ಸಿಂಡರಿಸಿದ ಮುಖ ಬಿಡಿಸಿಕೊಳ್ಳುತ್ತದೆ.

## ಮನೆಯಲ್ಲಿ ಅಳೆಯುವುದು

ರೂಮಲ್ಲಿ ಒಬ್ಬನೇ ಇರ್ತೀನಿ. ನಾನೇ ಅಳ್ಕೊಳ್ಳೋಕೆ ಆಗುತ್ತಾ?

ಆಗುತ್ತದೆ. ಕನ್ನಡಿ ಮತ್ತು ಮಿಲಿಮೀಟರ್ ಗೆರೆ ಇರುವ ಸ್ಕೇಲ್ ಸಾಕು. ಕನ್ನಡಕ ತೆಗೆದಿಟ್ಟು ಕನ್ನಡಿಗೆ ಒಂದು ಗೇಣು ದೂರದಲ್ಲಿ, 20 ಸೆಂಟಿಮೀಟರ್ ಅಂದುಕೊಳ್ಳಿ, ನೇರ ನಿಲ್ಲಿ. ಪವರ್ ಜಾಸ್ತಿ ಇದ್ದು ಗೆರೆ ಮಂಜಾಗಿ ಕಂಡರೆ ಇನ್ನೂ ಹತ್ತಿರ ಹೋಗಿ. ಸ್ಕೇಲನ್ನು ಹುಬ್ಬಿಗೆ ಒತ್ತಿ ಅಡ್ಡಲಾಗಿ ಹಿಡಿಯಿರಿ. ಬಲಗಣ್ಣು ಮುಚ್ಚಿ. ಎಡಗಣ್ಣಿನಿಂದ ಕನ್ನಡಿಯಲ್ಲಿ ಎಡಗಣ್ಣಿನ ಪಾಪೆಯನ್ನೇ ನೋಡುತ್ತಾ ಅದರ ನಡುವಿಗೆ ಸ್ಕೇಲಿನ ಒಂದು ಗೆರೆ ತನ್ನಿ. ಈಗ ತಲೆಯೂ ಕೈಯೂ ಅಲ್ಲಾಡಬಾರದು. ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಿರಿ. ಬಲಗಣ್ಣಿನಿಂದ ಬಲ ಪಾಪೆಯನ್ನೇ ನೋಡಿ, ಅದರ ನಡುವೆ ಯಾವ ಗೆರೆ ಬಂದಿದೆ ಅಂತ ಓದಿ. ಎರಡರ ವ್ಯತ್ಯಾಸವೇ ಪಿ.ಡಿ.

ಒಂದು ಕಣ್ಣು ಮುಚ್ಚುವುದು ಯಾಕೆ ಅಂದರೆ, ಕಣ್ಣು ಕನ್ನಡಿಯಲ್ಲಿ ತನ್ನನ್ನು ತಾನೇ ನೋಡಿಕೊಳ್ಳುವಾಗ ದೃಷ್ಟಿ ಕನ್ನಡಿಗೆ ಲಂಬವಾಗಿ, ನೇರ ಮುಂದಕ್ಕೆ ಹೋಗುತ್ತದೆ. ಎರಡೂ ಕಣ್ಣು ಹೀಗೆ ಸರದಿಯಲ್ಲಿ ನೇರ ನೋಡಿದರೆ, ದೂರದ ಗುಡ್ಡ ನೋಡುವಾಗ ಹೇಗಿರುತ್ತವೋ ಹಾಗೇ ಸಮಾನಾಂತರವಾಗಿ ನಿಂತಿರುತ್ತವೆ. ಕನ್ನಡಿ ಎಷ್ಟೇ ಹತ್ತಿರ ಇದ್ದರೂ ಸಿಗುವುದು ದೂರದ ಪಿ.ಡಿ. ಎರಡೂ ಕಣ್ಣು ತೆರೆದು ಮೂಗಿನ ತುದಿಯನ್ನೋ ಸ್ಕೇಲನ್ನೋ ನೋಡುತ್ತಾ ಓದಿದರೆ ಕಣ್ಣು ಒಳಕ್ಕೆ ತಿರುಗಿರುತ್ತದೆ, ನಂಬರ್ ಕಡಿಮೆ ಬರುತ್ತದೆ.

ಸ್ಕೇಲ್ ಹಿಡಿದ ಕೈ ನಡುಗುತ್ತದೆ ಅನ್ನುವವರು ಸ್ಕೇಲನ್ನೇ ಬಿಟ್ಟುಬಿಡಿ. ಒಂದು ಕಣ್ಣು ಮುಚ್ಚಿ, ಕನ್ನಡಿಯಲ್ಲಿ ತೆರೆದ ಕಣ್ಣಿನ ಪಾಪೆ ಕಾಣುವ ಜಾಗದ ಮೇಲೆ ಸ್ಕೆಚ್ ಪೆನ್ನಿನಿಂದ ಚುಕ್ಕೆ ಇಡಿ. ಕಣ್ಣು ಬದಲಾಯಿಸಿ ಇನ್ನೊಂದು ಚುಕ್ಕೆ. ಕನ್ನಡಿ ಮೇಲಿನ ಚುಕ್ಕೆಗಳ ಅಂತರವನ್ನು ಆಮೇಲೆ ಆರಾಮಾಗಿ ಅಳೆಯಬಹುದು. ಇದರಲ್ಲಿ ತಲೆ ಒಂದು ಮಿಲಿಮೀಟರ್ ಅಲ್ಲಾಡಿದರೆ ತಪ್ಪೂ ಒಂದು ಮಿಲಿಮೀಟರ್. ಹಾಗಾಗಿ ಬೆನ್ನು, ತಲೆ ಗೋಡೆಗೆ ಒರಗಿಸಿ ಕೂತು, ಕನ್ನಡಿಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡರೆ ಒಳ್ಳೆಯದು.

ತಮ್ಮ ಅಳೆದ್ರೆ 59, ಕನ್ನಡೀಲಿ ನಾನೇ ಅಳೆದ್ರೆ 62. ಯಾವುದು ಸರಿ?

ಬಹುಶಃ 62. ತಮ್ಮ ಅಳೆಯುವಾಗ ನೀವು ಅವನ ಮೂಗನ್ನು ನೋಡುತ್ತಿದ್ದಿರಿ ಅಲ್ವಾ? ಮನೆಯಲ್ಲಿ ಅಳೆದ ಪಿ.ಡಿ. ತಪ್ಪುವುದು ಹೆಚ್ಚಾಗಿ ಇಲ್ಲೇ. ಎದುರಿಗೆ ಒಂದು ಮೊಳ ದೂರದಲ್ಲಿ ಕೂತವರ ಮುಖದ ನಡುವಿಗೆ ದೃಷ್ಟಿ ಇಟ್ಟರೆ ಎರಡೂ ಕಣ್ಣು ಒಳಕ್ಕೆ ತಿರುಗುತ್ತವೆ. ಕನ್ನಡಕ ಕೂರುವ ಜಾಗದಲ್ಲಿ ಅಳೆದರೆ ಅಂತರ 3-4 ಮಿಲಿಮೀಟರ್ ಕಡಿಮೆ ಬರುತ್ತದೆ. ಅದು ತಪ್ಪು ನಂಬರಲ್ಲ, ಹತ್ತಿರ ಓದುವಾಗಿನ ಪಿ.ಡಿ. ದೂರದ ಕನ್ನಡಕಕ್ಕೆ ಅದನ್ನು ಹಾಕಿದ್ದು ತಪ್ಪು.

ತಮ್ಮನ ಕೈಯಲ್ಲೇ ಸರಿಯಾಗಿ ಅಳೆಸುವುದು ಹೀಗೆ. ಇಬ್ಬರ ಕಣ್ಣೂ ಒಂದೇ ಎತ್ತರಕ್ಕೆ ಬರುವಂತೆ ಎದುರುಬದುರು, 40 ಸೆಂಟಿಮೀಟರ್ ಅಂತರದಲ್ಲಿ ಕೂರಿ. ಅವನು ಸ್ಕೇಲನ್ನು ನಿಮ್ಮ ಮೂಗಿನ ದಿಂಡಿನ ಮೇಲೆ ಇಟ್ಟು, ಬೆರಳನ್ನು ನಿಮ್ಮ ಕೆನ್ನೆಗೆ ಊರಿಕೊಳ್ಳಲಿ. ಮೊದಲು ಅವನು ಬಲಗಣ್ಣು ಮುಚ್ಚಲಿ, ನೀವು ಅವನ ತೆರೆದ ಎಡಗಣ್ಣನ್ನು ನೋಡಿ. ಆಗ ನಿಮ್ಮ ಬಲಗಣ್ಣು ಅವನ ಎಡಗಣ್ಣಿಗೆ ನೇರ ಎದುರು ಇರುತ್ತದೆ. ನಿಮ್ಮ ಬಲ ಪಾಪೆಯ ನಡುವಿಗೆ ಸ್ಕೇಲಿನ ಗೆರೆ ಹೊಂದಿಸಲಿ. ಸ್ಕೇಲ್ ಅಲ್ಲಾಡಿಸದೆ ಅವನು ಎಡಗಣ್ಣು ಮುಚ್ಚಿ ಬಲಗಣ್ಣು ತೆರೆಯಲಿ, ನೀವು ಆ ಬಲಗಣ್ಣಿಗೆ ದೃಷ್ಟಿ ಬದಲಿಸಿ. ಈಗ ನಿಮ್ಮ ಎಡ ಪಾಪೆಯ ನಡುವಿನ ಗೆರೆ ಓದಲಿ. ಅಂಗಡಿಗಳಲ್ಲಿ ಸ್ಕೇಲ್ ಹಿಡಿದು ಅಳೆಯುವವರು ಮಾಡುವುದೂ ಇದನ್ನೇ. ಒಂದೊಂದು ಕಣ್ಣು ಮುಚ್ಚೋದು ನೋಡಿ ಕೆಲವು ಹುಡುಗಿಯರು ಕಣ್ಣು ಹೊಡೀತಾನೆ ಅಂದುಕೊಂಡು ಗುರಾಯಿಸಿದ್ದೂ ಉಂಟು. ಈಗ ನಾನು ಮೊದಲೇ ಹೇಳಿಬಿಡುತ್ತೇನೆ.

ಸ್ಕೇಲ್ ಹಿಡಿದವರಿಗೆ ಒಂದು ಕಣ್ಣು ಮಾತ್ರ ಮುಚ್ಚಲು ಬರುವುದಿಲ್ಲ ಅಂದರೆ ನೀವು ಅವರ ತಲೆಯ ಮೇಲಿಂದ 6 ಮೀಟರ್ ದೂರದ ಏನನ್ನಾದರೂ ನೋಡುತ್ತಾ ಕೂರಿ, ಬಾಗಿಲಾಚೆಯ ತೆಂಗಿನ ಮರವೂ ಆದೀತು. ಆದರೆ ಅವರು ನಿಮ್ಮ ಬಲಗಣ್ಣು ಓದುವಾಗ ಅದರ ನೇರಕ್ಕೂ, ಎಡಗಣ್ಣು ಓದುವಾಗ ಅದರ ನೇರಕ್ಕೂ ತಲೆ ಸರಿಸಬೇಕು.

ನನ್ನ ಕಣ್ಣು ಕಪ್ಪು. ಪಾಪೆ ಎಲ್ಲಿ ಶುರು ಎಲ್ಲಿ ಮುಗೀತು ಅಂತಾನೇ ಕಾಣಲ್ಲ.

ನಮ್ಮ ಕಡೆ ಮುಕ್ಕಾಲು ಜನರ ಕಣ್ಣು ಹೀಗೇ. ಅದರಲ್ಲೂ ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗಾಲದ ಬೆಳಕಿನಲ್ಲಿ ಮನೆಯೊಳಗೆ ಕೂತರೆ ಪಾಪೆಯೂ ಅದರ ಸುತ್ತಿನ ಬಣ್ಣವೂ ಒಂದೇ ಕಪ್ಪಾಗಿ ಕಾಣುತ್ತವೆ. ಪಾಪೆಯ ನಡು ಹುಡುಕುವ ಗೋಜಿಗೆ ಹೋಗಬೇಡಿ. ಕಪ್ಪು ಭಾಗ ಮುಗಿದು ಬಿಳಿ ಶುರುವಾಗುವ ಅಂಚು ಯಾವ ಬೆಳಕಿನಲ್ಲೂ ಎದ್ದು ಕಾಣುತ್ತದೆ. ಬಲಗಣ್ಣಿನ ಕಪ್ಪಿನ ಹೊರ ಅಂಚಿನಿಂದ, ಅಂದರೆ ಕಿವಿ ಕಡೆಯದು, ಎಡಗಣ್ಣಿನ ಕಪ್ಪಿನ ಒಳ ಅಂಚಿಗೆ, ಅಂದರೆ ಮೂಗಿನ ಕಡೆಯದಕ್ಕೆ ಅಳೆಯಿರಿ. ಎರಡೂ ಕಣ್ಣಿನ ಕಪ್ಪು ಒಂದೇ ಅಗಲ ಇರುವುದರಿಂದ ಉತ್ತರ ನಡುವಿನಿಂದ ನಡುವಿಗೆ ಅಳೆದಷ್ಟೇ ಬರುತ್ತದೆ. ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದುಬಿಟ್ಟರೆ ಮಾತ್ರ ಕಪ್ಪಿನ ಅಗಲವೂ ಸೇರಿಕೊಂಡು 12 ಮಿಲಿಮೀಟರಿನಷ್ಟು ಜಾಸ್ತಿ ಬರುತ್ತದೆ. 74, 75 ಅಂತ ಬಂದರೆ ಮೊದಲು ಈ ತಪ್ಪು ಆಗಿದೆಯಾ ನೋಡಿ.

ಯಾವ ಸ್ಕೇಲ್ ಒಳ್ಳೇದು? ಟೈಲರ್ ಟೇಪಲ್ಲಿ ಅಳೀಬಹುದಾ?

ಟೇಪ್ ಬೇಡ, ಅದು ಹಿಗ್ಗುತ್ತದೆ, ಮೂಗಿನ ಮೇಲೆ ಬಾಗುತ್ತದೆ. ಬಾಗಿದ ದಾರಿ ನೇರ ದಾರಿಗಿಂತ ಉದ್ದ, ಹಾಗಾಗಿ ನಂಬರ್ ಜಾಸ್ತಿ ಬರುತ್ತದೆ. ಮಕ್ಕಳ ಕಂಪಾಸ್ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲ್ ಸಾಕು. ಅದರ ಸೊನ್ನೆ ತುದಿಯಿಂದ ಸ್ವಲ್ಪ ಒಳಗಿರುತ್ತದೆ ಅನ್ನುವುದು ನೆನಪಿರಲಿ. ಸೊನ್ನೆಯ ಬದಲು 10 ಮಿಲಿಮೀಟರ್ ಗೆರೆಯಿಂದ ಶುರುಮಾಡಿ ಆಮೇಲೆ 10 ಕಳೆದರೆ ಗೊಂದಲವೇ ಇಲ್ಲ.

ಸೈಟಿನಿಂದ ಸ್ಕೇಲ್ ಪ್ರಿಂಟ್ ತೆಗೆದವರು ಒಂದು ಪರೀಕ್ಷೆ ಮಾಡಿ. ಎಟಿಎಂ ಕಾರ್ಡಿನ ಉದ್ದ ಎಲ್ಲ ಬ್ಯಾಂಕಿನದೂ 85.6 ಮಿಲಿಮೀಟರ್. ಕಾರ್ಡನ್ನು ಪ್ರಿಂಟಿನ ಮೇಲಿಟ್ಟು ನೋಡಿ. ಅಲ್ಲಿ 88 ಅಂತ ತೋರಿಸಿದರೆ ಪ್ರಿಂಟ್ ಕುಗ್ಗಿದೆ ಅಂತ ಅರ್ಥ. ಜೆರಾಕ್ಸ್ ಅಂಗಡಿಯಲ್ಲಿ `Fit to page` ಬೇಡ, `Actual size` ಕೊಡಿ ಅಂತ ಹೇಳಿ ಮತ್ತೆ ತೆಗೆಸಿ.

ಹಣೆಗೆ ಎಟಿಎಂ ಕಾರ್ಡ್ ಇಟ್ಕೊಂಡು ಸೆಲ್ಫಿ ತಗೊಂಡ್ರೆ ಪಿ.ಡಿ. ಬರುತ್ತಂತೆ, ನಿಜಾನಾ?

ಲೆಕ್ಕ ನಿಜ. ಫೋಟೋದಲ್ಲಿ ಕಾರ್ಡಿನ ಉದ್ದ ಎಷ್ಟು, ಪಾಪೆಗಳ ಅಂತರ ಎಷ್ಟು ಅಂತ ಅಳೆದು ಹೀಗೆ ಹಾಕುತ್ತಾರೆ:

```
ಪಿ.ಡಿ. = 85.6 × ಪಾಪೆಗಳ ಅಂತರ ÷ ಕಾರ್ಡಿನ ಉದ್ದ
```

ತೊಂದರೆ ಇರುವುದು ಸೆಲ್ಫಿಯಲ್ಲಿ. ಕೈ ಚಾಚಿದಷ್ಟು ದೂರದ ಫೋನನ್ನೇ ನೋಡುತ್ತಿದ್ದರೆ ಕಣ್ಣು ಮತ್ತೆ ಒಳಕ್ಕೆ ತಿರುಗಿರುತ್ತದೆ. ನಿಜವಾದ ಪಿ.ಡಿ. 64 ಇದ್ದವರಿಗೆ 40 ಸೆಂಟಿಮೀಟರಿನ ಫೋಟೋದಲ್ಲಿ 60ರ ಹತ್ತಿರ ಬರುತ್ತದೆ. ಅದೇ ಫೋಟೋವನ್ನು ಬೇರೆಯವರು 2 ಮೀಟರ್ ದೂರ ನಿಂತು, ಜೂಮ್ ಮಾಡಿ, ನೀವು ಕ್ಯಾಮೆರಾವನ್ನೇ ನೋಡುವಾಗ ತೆಗೆದರೆ ತಪ್ಪು 1 ಮಿಲಿಮೀಟರಿಗಿಂತ ಕೆಳಗೆ ಇಳಿಯುತ್ತದೆ. ಕಾರ್ಡ್ ಓರೆಯಾಗದೆ ಹಣೆಗೆ ಚಪ್ಪಟೆಯಾಗಿ ಕೂತಿರಬೇಕು. ಕಾರ್ಡಿನ ಹಿಂಬದಿ ಹಣೆ ಕಡೆಗೆ, ಮುಂಬದಿಯ ನಂಬರಿನ ಮೇಲೆ ಕಾಗದ ಅಂಟಿಸಿ. ಆ ಫೋಟೋ ಆಮೇಲೆ ಎಲ್ಲೆಲ್ಲಿ ಹೋಗುತ್ತದೋ ಯಾರಿಗೆ ಗೊತ್ತು.

ಪ್ರತಿ ಸಲ ಅಳೆದಾಗ್ಲೂ ಬೇರೆ ಬೇರೆ ಬರುತ್ತೆ. ಯಾವುದನ್ನ ಹಾಕ್ಲಿ?

ನಾಲ್ಕು ಸಲ ಅಳೆಯಿರಿ. ಪ್ರತಿ ಸಲವೂ ಸ್ಕೇಲ್ ಕೆಳಗಿಟ್ಟು, ಎರಡು ನಿಮಿಷ ಬಿಟ್ಟು ಹೊಸದಾಗಿ ಶುರುಮಾಡಿ. ಹಿಂದಿನ ನಂಬರ್ ನೆನಪಿದ್ದರೆ ಕಣ್ಣು ಅದನ್ನೇ ಹುಡುಕುತ್ತದೆ. 61, 62, 61.5, 62 ಬಂದರೆ 61.5 ಅಂತ ಹಾಕಿ, ಚೆನ್ನಾಗಿದೆ. 59, 63, 61, 64 ಬಂದರೆ ಸರಾಸರಿ ತೆಗೆಯಬೇಡಿ. ಅಳೆಯುವ ರೀತಿಯಲ್ಲೇ ಏನೋ ಅಲ್ಲಾಡುತ್ತಿದೆ, ತಲೆಯೋ ದೃಷ್ಟಿಯೋ. ಅದನ್ನು ಸರಿಮಾಡಿಕೊಳ್ಳಿ.

## ಆರ್ಡರ್ ಹಾಕುವಾಗ

ಅಂಗಡೀಲಿ 62/59 ಅಂತ ಬರೆದುಕೊಟ್ರು. ಸೈಟಲ್ಲಿ ಎರಡು ಖಾನೆ ಇದೆ, ಬಲಕ್ಕೆ 62 ಎಡಕ್ಕೆ 59 ಹಾಕ್ಲಾ?

ಅಯ್ಯೋ, ಬೇಡ. 62/59 ಅಂದರೆ ದೂರಕ್ಕೆ 62, ಓದಲು 59. ಬಲ ಎಡದ ಲೆಕ್ಕ ಬರೆದಾಗ ನಂಬರ್ 30ರ ಆಸುಪಾಸು ಇರುತ್ತದೆ, 31.5/30.5 ಅಂತ, ಮೊದಲನೆಯದು ಬಲಗಣ್ಣು. ಎರಡೂ ಕೂಡಿಸಿದರೆ ಒಟ್ಟು ಪಿ.ಡಿ. 62 ಬರುತ್ತದೆ. ಸೈಟಿನಲ್ಲಿ `OD` ಅಂದರೆ ಬಲಗಣ್ಣು, `OS` ಅಂದರೆ ಎಡಗಣ್ಣು. ದೂರದ ಕನ್ನಡಕ ಆದರೆ ಒಂದೇ ಖಾನೆ ಆರಿಸಿಕೊಂಡು 62 ಹಾಕಿ.

ಅಪ್ಪಂಗೆ ಪೇಪರ್ ಓದೋ ಕನ್ನಡಕ ತರಿಸ್ಬೇಕು. ಅದಕ್ಕೂ ಇದೇ ನಂಬರಾ?

ಬರೀ ಓದಲು ಅಂತ ಮಾಡಿಸುವ ಕನ್ನಡಕಕ್ಕೆ ಹತ್ತಿರದ ಪಿ.ಡಿ. ಬೇಕು. ದೂರದ್ದು ಅಳೆದು 3 ಕಳೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಬಲ ಎಡ ಬೇರೆ ಬೇರೆ ಅಳೆಯಲೇಬೇಕಾ?

ಮೂಗು ಮುಖದ ನಟ್ಟನಡುವೆ ಇರುವವರು ಕಡಿಮೆ. ಬಲಕ್ಕೆ 32, ಎಡಕ್ಕೆ 30 ಇರುವುದು ಮಾಮೂಲು. ಸಾದಾ ಪವರಿಗೆ ಎರಡು ಕಣ್ಣಿಗೂ ಹತ್ತಿರ ಹತ್ತಿರ ಒಂದೇ ಪವರ್ ಇದ್ದರೆ ಒಟ್ಟು ಅಂತರ ಸರಿ ಇದ್ದರೆ ಸಾಕು. ಎರಡು ಚಿತ್ರವೂ ಒಂದೇ ಕಡೆಗೆ ಅಷ್ಟಷ್ಟೇ ಸರಿಯುತ್ತವೆ, ಕಣ್ಣು ಎಳೆದಾಡಬೇಕಿಲ್ಲ. ಒಂದು ಕಣ್ಣಿಗೆ −2, ಇನ್ನೊಂದಕ್ಕೆ −6 ಇರುವವರಿಗೆ ಮಾತ್ರ ಬಲ ಎಡ ಬೇರೆ ಬೇಕೇ ಬೇಕು. ಹಾಗೆ ಅಳೆಯುವಾಗ ಮೂಗಿನ ದಿಂಡಿನ ನಡುವೆ ಪೆನ್ನಿನಿಂದ ಸಣ್ಣ ಗೆರೆ ಹಾಕಿಕೊಂಡು, ಅಲ್ಲಿಂದ ಒಂದೊಂದು ಪಾಪೆಗೆ ಅಳೆಯಿರಿ.

ಫ್ರೇಮ್ ಮೇಲೆ 54□16 ಅಂತ ಇದೆ. ಅದಕ್ಕೂ ಪಿ.ಡಿ.ಗೂ ಏನಾದ್ರೂ ಸಂಬಂಧ ಇದೆಯಾ?

ಇದನ್ನು ಕೇಳುವವರು ಕಡಿಮೆ, ಕೇಳಬೇಕಾದವರು ಜಾಸ್ತಿ. 54 ಅಂದರೆ ಒಂದು ಗ್ಲಾಸಿನ ಅಗಲ, 16 ಅಂದರೆ ಮೂಗಿನ ಮೇಲಿನ ಸೇತುವೆ. ಎರಡೂ ಕೂಡಿಸಿ, 70. ಇದು ಫ್ರೇಮಿನ ಎರಡು ಗ್ಲಾಸುಗಳ ನಡುವಿಂದ ನಡುವಿಗೆ ಇರುವ ಅಂತರ. ಬೇಲೂರಿನ ಹುಡುಗಿಯ ಪಿ.ಡಿ. 58. ವ್ಯತ್ಯಾಸ 12, ಒಂದೊಂದು ಕಡೆಗೆ 6. ಅಂದರೆ ಗ್ಲಾಸಿನ ಕೇಂದ್ರವನ್ನು ಫ್ರೇಮಿನ ನಡುವಿನಿಂದ ಮೂಗಿನ ಕಡೆಗೆ 6 ಮಿಲಿಮೀಟರ್ ತಳ್ಳಬೇಕು. ತಳ್ಳಿದಷ್ಟೂ ಮೈನಸ್ ಗ್ಲಾಸಿನ ಹೊರ ಅಂಚು, ಕಿವಿ ಕಡೆಯದು, ದಪ್ಪ ಆಗುತ್ತದೆ. ಸೋಡಾ ಗ್ಲಾಸ್ ಥರ ಕಾಣುತ್ತೆ ಅಂತ ಬೈಯುವುದು ಅದನ್ನೇ.

ಅವಳಿಗೆ ನಾವು ಆಮೇಲೆ ಹಾಕಿದ್ದು 48□17 ಫ್ರೇಮ್. ಕೂಡಿಸಿದರೆ 65, ತಳ್ಳಬೇಕಾದ್ದು ಒಂದು ಕಡೆಗೆ 3.5 ಮಾತ್ರ. ಅದೇ ಪವರ್, ನೋಡುವುದಕ್ಕೆ ತೆಳು. ಪವರ್ ಜಾಸ್ತಿ ಇರುವವರು ಫ್ರೇಮ್ ಆರಿಸುವಾಗ ಈ ಎರಡು ನಂಬರ್ ಕೂಡಿಸಿ ತಮ್ಮ ಪಿ.ಡಿ. ಪಕ್ಕ ಇಟ್ಟು ನೋಡಿ. ಹತ್ತಿರ ಬಂದಷ್ಟೂ ಒಳ್ಳೆಯದು.

## ಕನ್ನಡಕ ಬಂದ ಮೇಲೆ

ಅವರು ನಾನು ಹೇಳಿದ ಪಿ.ಡಿ.ಗೇ ಮಾಡಿದ್ದಾರಾ ಅಂತ ಮನೇಲೇ ನೋಡೋಕೆ ಆಗುತ್ತಾ?

ಆಗುತ್ತದೆ, ಬಾಗಿಲ ಚೌಕಟ್ಟು ಇದ್ದರೆ ಸಾಕು. ಎರಡು ಮೂರು ಮೀಟರ್ ದೂರ ನಿಂತು, ಕನ್ನಡಕವನ್ನು ಕೈಚಾಚಿ ನೆಟ್ಟಗೆ ಹಿಡಿಯಿರಿ. ಒಂದು ಕಣ್ಣು ಮುಚ್ಚಿ. ಬಲ ಗ್ಲಾಸಿನ ಮೂಲಕ ಚೌಕಟ್ಟಿನ ಲಂಬ ಗೆರೆಯನ್ನು ನೋಡಿ. ಗ್ಲಾಸಿನ ಒಳಗೆ ಕಾಣುವ ಗೆರೆ ಒಂದು ಕಡೆ, ಗ್ಲಾಸಿನ ಮೇಲೆ ಕೆಳಗೆ ಕಾಣುವ ಗೆರೆ ಇನ್ನೊಂದು ಕಡೆ, ಮುರಿದ ಕಡ್ಡಿಯ ಹಾಗೆ ಕಾಣುತ್ತದೆ. ಕನ್ನಡಕವನ್ನು ನಿಧಾನಕ್ಕೆ ಅಡ್ಡ ಸರಿಸುತ್ತಾ ಹೋಗಿ. ಒಂದು ಜಾಗದಲ್ಲಿ ಒಳಗಿನ ಗೆರೆ ಹೊರಗಿನ ಗೆರೆ ಕೂಡಿ ಒಂದೇ ಸಾಲಾಗುತ್ತದೆ. ಗ್ಲಾಸಿನ ಕೇಂದ್ರ ಆ ಗೆರೆಯ ಮೇಲಿದೆ. ಗ್ಲಾಸಿನ ಮೇಲೆ ಆ ಜಾಗಕ್ಕೆ ಸ್ಕೆಚ್ ಪೆನ್ನಿನ ಚುಕ್ಕೆ ಇಡಿ. ಎಡ ಗ್ಲಾಸಿಗೂ ಹಾಗೇ ಮಾಡಿ. ಎರಡು ಚುಕ್ಕೆಗಳ ಅಂತರ ಅಳೆಯಿರಿ, ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಆ ಹುಡುಗಿಯ ಅಪ್ಪನಿಗೆ ಅಂಗಡಿ ಬಾಗಿಲಲ್ಲೇ ಇದನ್ನು ಮಾಡಿ ತೋರಿಸಿದ್ದೆ. ಅವರು ಮೂರು ಸಲ ಕನ್ನಡಕ ಸರಿಸಿ ಸರಿಸಿ ನೋಡಿ, "ಅರೆ, ಗೆರೆ ಕೂಡ್ಕೊಳ್ತು!" ಅಂದರು. ಚುಕ್ಕೆ ಇಟ್ಟು ಅವರೇ ಅಳೆದರೆ 64. ಯಂತ್ರ ಹೇಳಿದ್ದೂ ಅಷ್ಟೇ.

ಪವರ್ −2 ದಾಟಿದ್ದರೆ ಈ ಪರೀಕ್ಷೆ ಚೆನ್ನಾಗಿ ನಡೆಯುತ್ತದೆ. −1ರ ಕೆಳಗೆ ಗೆರೆ ಅಷ್ಟಾಗಿ ಮುರಿಯುವುದೇ ಇಲ್ಲ. ಸಿಲಿಂಡರ್ ಜಾಸ್ತಿ ಇದ್ದು ಅದರ ಆಕ್ಸಿಸ್, ಅಂದರೆ ಸಿಲಿಂಡರ್ ಕೂರುವ ಕೋನ, ಓರೆಯಾಗಿದ್ದರೆ ಒಳಗಿನ ಗೆರೆ ಸೊಟ್ಟಗಾಗಿ ಕಾಣುತ್ತದೆ, ಆಗ ಚುಕ್ಕೆಯನ್ನು ನಂಬಬೇಡಿ. ಯಾವುದಾದರೂ ಅಂಗಡಿಯಲ್ಲಿ ಲೆನ್ಸೋಮೀಟರ್ ಮೇಲೆ ಇಟ್ಟು ನೋಡಿಸಿ.

ಹೊಸ ಕನ್ನಡಕ ಹಾಕಿದ್ರೆ ತಲೆನೋವು. ಪವರ್ ತಪ್ಪೋ ಪಿ.ಡಿ. ತಪ್ಪೋ ಹೇಗೆ ಗೊತ್ತಾಗುತ್ತೆ?

ಕನ್ನಡಕ ಹಾಕಿಕೊಂಡು ದೂರದ ಬೋರ್ಡು ನೋಡುತ್ತಾ ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ. ಆಮೇಲೆ ಇನ್ನೊಂದನ್ನು. ಒಂದೊಂದೇ ಕಣ್ಣಿನಲ್ಲಿ ಅಕ್ಷರ ಸ್ಪಷ್ಟ, ಎಳೆತವೂ ಇಲ್ಲ, ಎರಡೂ ತೆರೆದ ಕೂಡಲೇ ಕಷ್ಟ ಅನ್ನಿಸಿದರೆ ಪಿ.ಡಿ. ಮೇಲೆ ಅನುಮಾನ ಪಡಿ. ಒಂದೇ ಕಣ್ಣಿನಲ್ಲಿ ನೋಡಿದಾಗಲೂ ಮಂಜಾಗಿದ್ದರೆ ಪವರ್ ಅಥವಾ ಆಕ್ಸಿಸ್ ನೋಡಿಸಿ. ಪವರ್ ಈಗಷ್ಟೇ ಬದಲಾಗಿದ್ದರೆ ಮೊದಲ ಕೆಲವು ದಿನ ನೆಲ ಏರುಪೇರಾಗಿ ಕಾಣುವುದು ಸಹಜ. ಒಂದು ವಾರ ಕಳೆದರೂ ಹೋಗದಿದ್ದರೆ ಸುಮ್ನೆ ಅಭ್ಯಾಸ ಆಗುತ್ತೆ ಅಂತ ಕೂರಬೇಡಿ. ವಾಪಸ್ ಮಾಡುವ ಅವಧಿ ಅಷ್ಟರಲ್ಲಿ ಮುಗಿದಿರುತ್ತದೆ.

## ಮನೆಯ ಸ್ಕೇಲು ಸಾಲದ ಕಡೆ

ಪ್ರೋಗ್ರೆಸ್ಸಿವ್ ಕನ್ನಡಕಕ್ಕೂ ಇದೇ ಥರ ಅಳೆದು ತರಿಸ್ಬಹುದಾ?

ನಾನಾದರೆ ಬೇಡ ಅನ್ನುತ್ತೇನೆ. ಇದನ್ನು ವ್ಯಾಪಾರದ ಮಾತು ಅಂದುಕೊಂಡರೂ ಪರವಾಗಿಲ್ಲ. ಪ್ರೋಗ್ರೆಸ್ಸಿವ್ ಗ್ಲಾಸಿನಲ್ಲಿ ದೂರದಿಂದ ಓದುವ ಭಾಗಕ್ಕೆ ಇಳಿಯುವ ದಾರಿ ಕಿರಿದು, ತೋಟದ ಕಾಲುದಾರಿಯ ಹಾಗೆ. ಪಾಪೆ ಆ ದಾರಿಯಲ್ಲೇ ಇಳಿಯಬೇಕಾದರೆ ಬಲ ಎಡ ಬೇರೆ ಬೇರೆ ಪಿ.ಡಿ. ಬೇಕು. ಅದಲ್ಲದೆ ಪಾಪೆ ಫ್ರೇಮಿನ ಕೆಳ ಅಂಚಿನಿಂದ ಎಷ್ಟು ಎತ್ತರದಲ್ಲಿದೆ ಅನ್ನುವುದೂ ಬೇಕು. ಆ ಎತ್ತರ ನಿಮ್ಮ ಮೂಗಿನ ಮೇಲೆ ಅದೇ ಫ್ರೇಮ್ ಕೂತ ಮೇಲೇ ಗೊತ್ತಾಗುವುದು. ಫ್ರೇಮ್ ಇನ್ನೂ ಗೋಡೌನಿನಲ್ಲಿ ಇರುವಾಗ ಅದನ್ನು ಅಳೆಯುವುದು ಹೇಗೆ?

ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷದ ಪಿ.ಡಿ. ಇದೆ, ಅದೇ ಸಾಕಲ್ವಾ?

ಸಾಲದು. ಮುಖ ಬೆಳೆದ ಹಾಗೆ ಪಿ.ಡಿ.ಯೂ ಬೆಳೆಯುತ್ತದೆ. ಪ್ರತಿ ಹೊಸ ಕನ್ನಡಕಕ್ಕೂ ಹೊಸದಾಗಿ ಅಳೆಯಬೇಕು. ಬೆಳವಣಿಗೆ ನಿಂತ ಮೇಲೆ ಹೆಚ್ಚು ಬದಲಾಗುವುದಿಲ್ಲ, ದೊಡ್ಡವರು ಒಂದು ಸಲ ಸರಿಯಾಗಿ ಅಳೆದು ಡೈರಿಯಲ್ಲಿ ಬರೆದಿಟ್ಟರೆ ಆಯಿತು. ಮಕ್ಕಳು ಒಂದು ಕಡೆ ನೆಟ್ಟು ನೋಡುವುದು ಕಷ್ಟ, ಹಾಗಾಗಿ ಅಂಗಡಿಯಲ್ಲೇ ಅಳೆಸಿ.

ನಂಗೆ ಸ್ವಲ್ಪ ಮೆಳ್ಳೆಗಣ್ಣು ಇದೆ. ಹೇಗೆ ಅಳೆದ್ರೂ ಒಂದು ಕಣ್ಣು ಪಕ್ಕಕ್ಕೇ ಹೋಗುತ್ತೆ.

ಎರಡೂ ಕಣ್ಣು ತೆರೆದು ಅಳೆದರೆ ಪಕ್ಕಕ್ಕೆ ಹೋದ ಕಣ್ಣಿನ ಜಾಗವೂ ಲೆಕ್ಕಕ್ಕೆ ಬಂದುಬಿಡುತ್ತದೆ. ಒಂದು ಕಣ್ಣನ್ನು ಪೂರ್ತಿ ಮುಚ್ಚಿದರೆ ಇನ್ನೊಂದು ಸಾಮಾನ್ಯವಾಗಿ ನೇರಕ್ಕೆ ಬರುತ್ತದೆ, ಹಾಗಾಗಿ ಕನ್ನಡಿಯ ರೀತಿ ನಿಮಗೆ ಹೊಂದುತ್ತದೆ. ಆದರೆ ಚೀಟಿಯಲ್ಲಿ ಪ್ರಿಸಂ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ ಡಾಕ್ಟರ್ ಬೇಕು ಅಂತಲೇ ಚಿತ್ರವನ್ನು ಸರಿಸಲು ಹೇಳಿದ್ದಾರೆ. ಪಿ.ಡಿ. ತಪ್ಪಿದರೆ ಆ ಪ್ರಿಸಂಗೆ ಇನ್ನಷ್ಟು ಸೇರುತ್ತದೆ, ಇಲ್ಲವೇ ಅದರಲ್ಲೇ ಕಳೆದುಹೋಗುತ್ತದೆ. ಬಾಗಿಲ ಚೌಕಟ್ಟಿನ ಪರೀಕ್ಷೆಯೂ ಅಂಥ ಗ್ಲಾಸಿನಲ್ಲಿ ತಪ್ಪು ಉತ್ತರ ಕೊಡುತ್ತದೆ. ಆ ಕನ್ನಡಕವನ್ನು ಎದುರಿಗೆ ಕೂತು ಅಳೆಯುವವರ ಹತ್ತಿರವೇ ಮಾಡಿಸಿ.